ಚೀಲದ ತೂಕ ಒಂದೇ, ಔಟ್‌ಟರ್ನ್ ಬೇರೆ

(ಗೋಣಿಕೊಪ್ಪಲಿನಲ್ಲಿ ಬೆಳೆಗಾರರು ಮತ್ತು ತೋಟದ ಸಿಬ್ಬಂದಿ ಸೇರಿದ್ದ ಸಭೆಯಲ್ಲಿ ಮಾತನಾಡಿದ್ದರ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಡಾಕ್ಟರ್. ಆದರೆ ಮಾತು ಶುರು ಮಾಡುವುದು ಕಾಫಿಯಿಂದ. ಇಲ್ಲಿರುವ ನಿಮಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ರೊಬಸ್ಟಾ ಚೆರ್ರಿ ಮಾರುವಾಗ 50 ಕೆಜಿ ಚೀಲವನ್ನು ತೂಕಕ್ಕೆ ಇಡುತ್ತೀರಿ. ತೂಕ ಸರಿಯಿದ್ದ ಮಾತ್ರಕ್ಕೆ ವ್ಯಾಪಾರಿ ದುಡ್ಡು ಎಣಿಸುವುದಿಲ್ಲ. ಚೀಲದಿಂದ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಬೀಜ ಎಷ್ಟು ಬಂತು ಅಂತ ತೂಗುತ್ತಾನೆ. ಒಂದು ಚೀಲದಲ್ಲಿ 28 ಕೆಜಿ ಬೀಜ ಸಿಗಬಹುದು, ಪಕ್ಕದ ಚೀಲದಲ್ಲಿ 24. ಎರಡೂ 50 ಕೆಜಿಯೇ. ಉಳಿದಿದ್ದು ಸಿಪ್ಪೆ. ಅದಕ್ಕೇ ನಾವು ಔಟ್‌ಟರ್ನ್ ನೋಡದೆ ರೇಟು ಮಾತಾಡುವುದಿಲ್ಲ, ಅಲ್ವಾ?

ಮನುಷ್ಯನ ವಿಷಯದಲ್ಲಿ ಮಾತ್ರ ನಾವು ಇಷ್ಟು ದಿನ ಚೀಲದ ತೂಕ ನೋಡಿಯೇ ಕಳಿಸುತ್ತಿದ್ದೇವೆ.

ನನ್ನ ಬಳಿ ಬಂದ ಒಬ್ಬರ ಕಥೆ ಹೇಳುತ್ತೇನೆ. ಅವರ ಒಪ್ಪಿಗೆ ಇದೆ, ಹೆಸರು ಬೇಡ. ವಿರಾಜಪೇಟೆ ಕಡೆಯ ಒಂದು ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ವಯಸ್ಸು 43. ಎತ್ತರ 165 ಸೆಂಟಿಮೀಟರ್, ತೂಕ 62 ಕೆಜಿ. ನೋಡಿದರೆ ಸಣಕಲು ಆಳು. ಕೈಕಾಲು ತೆಳ್ಳಗೆ, ಮುಖದಲ್ಲಿ ಮಾಂಸ ಇಲ್ಲ. ಅವರು ಹಿಂದೆ ಒಂದು ಆರೋಗ್ಯ ಶಿಬಿರಕ್ಕೆ ಹೋಗಿದ್ದರು. ಅಲ್ಲಿ ಎತ್ತರ, ತೂಕ ನೋಡಿ ಬಿಎಂಐ ಲೆಕ್ಕ ಹಾಕಿದರು. ತೂಕವನ್ನು, ಮೀಟರ್‌ನಲ್ಲಿ ಬರೆದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ. 62 ಅನ್ನು 1.65ರಿಂದ ಭಾಗಿಸಿ, ಬಂದದ್ದನ್ನು ಮತ್ತೆ 1.65ರಿಂದ ಭಾಗಿಸಿ. ಸುಮಾರು 22.8 ಬರುತ್ತದೆ. ಚೀಟಿಯಲ್ಲಿ 'ನಾರ್ಮಲ್' ಅಂತ ಬರೆದುಕೊಟ್ಟರು. ಅವರು ಆ ಚೀಟಿಯನ್ನು ಪರ್ಸಿನಲ್ಲೇ ಇಟ್ಟುಕೊಂಡಿದ್ದರು. ಒಂದು ವರ್ಷದ ನಂತರ ಬೇರೆ ಯಾವುದೋ ಕಾರಣಕ್ಕೆ ನನ್ನ ಬಳಿ ಬಂದರು. ರಕ್ತ ಪರೀಕ್ಷೆಯಲ್ಲಿ ಮೂರು ತಿಂಗಳ ಸಕ್ಕರೆ ಸರಾಸರಿ 6.1 ಬಂತು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಹೊಸ್ತಿಲಲ್ಲಿ ನಿಂತಿದೆ ಅಂತ ಅರ್ಥ. ಸ್ಕ್ಯಾನ್ ಮಾಡಿದರೆ ಲಿವರ್‌ನಲ್ಲಿ ಕೊಬ್ಬು.

"ಡಾಕ್ಟ್ರೇ, ನಾನು ದಪ್ಪ ಇಲ್ಲ. ನನಗೆ ಯಾಕೆ?" ಅಂತ ಕೇಳಿದರು. ಇವತ್ತಿನ ಮಾತು ಪೂರ್ತಿ ಆ ಪ್ರಶ್ನೆಗೆ ಉತ್ತರ.

ಬಿಎಂಐ ಲೆಕ್ಕ ಎಲ್ಲಿಂದ ಬಂತು ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. 19ನೇ ಶತಮಾನದಲ್ಲಿ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಎಂಬ ಗಣಿತಜ್ಞ ಈ ಸೂತ್ರ ಕೊಟ್ಟ. ಅವನು ಡಾಕ್ಟರ್ ಅಲ್ಲ, ಅವನಿಗೆ ಬೇಕಿದ್ದದ್ದು ಜನರ ಸರಾಸರಿ ಮೈಕಟ್ಟಿನ ಲೆಕ್ಕ. ಬಿಎಂಐ ಎಂಬ ಹೆಸರನ್ನು ಕೊಟ್ಟಿದ್ದು ಅಮೆರಿಕದ ಆನ್ಸೆಲ್ ಕೀಸ್, 1972ರಲ್ಲಿ. ದೊಡ್ಡ ಗುಂಪುಗಳನ್ನು ಹೋಲಿಸಲು ಇದು ಒಳ್ಳೆಯ ಸಾಧನವೇ. ಆದರೆ ಆ ಸೂತ್ರದಲ್ಲಿರುವುದು ತೂಕ ಮತ್ತು ಎತ್ತರ, ಎರಡೇ. ತೂಕದಲ್ಲಿ ಕೊಬ್ಬು ಎಷ್ಟು, ಸ್ನಾಯು ಎಷ್ಟು ಅಂತ ಅದಕ್ಕೆ ಕಾಣುವುದೇ ಇಲ್ಲ.

ಅದು ಕಾಣದಿದ್ದರೆ ಏನಾಗುತ್ತದೆ ಅಂತ ಒಂದು ಫೋಟೋ ಜಗತ್ತಿಗೆ ತೋರಿಸಿತು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯಡ್ಕಿನ್ ಇಬ್ಬರೂ ಸಕ್ಕರೆ ಕಾಯಿಲೆ ಬಗ್ಗೆ ಕೆಲಸ ಮಾಡಿದವರು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರೂ ಜೊತೆಗೆ ನಿಂತ ಚಿತ್ರ ಹಾಕಿದರು. ಇಬ್ಬರ ಬಿಎಂಐ ಕೂಡ 22.3. ದಶಮಾಂಶ ಸ್ಥಾನದವರೆಗೆ ಒಂದೇ. ಆದರೆ ಡೆಕ್ಸಾ ಎಂಬ ಎಕ್ಸ್‌ರೇ ಯಂತ್ರದಲ್ಲಿ ಮೈಯ ಕೊಬ್ಬು ಅಳೆದಾಗ ಯಡ್ಕಿನ್ ಅವರದು 9.1 ಶೇಕಡಾ, ಯಾಜ್ಞಿಕ್ ಅವರದು 21.2 ಶೇಕಡಾ. ಇಬ್ಬರೂ 60 ಕೆಜಿ ಇದ್ದರು ಅಂದುಕೊಳ್ಳಿ. ಒಬ್ಬರ ಮೈಯಲ್ಲಿ ಐದೂವರೆ ಕೆಜಿ ಕೊಬ್ಬು, ಇನ್ನೊಬ್ಬರಲ್ಲಿ ಹನ್ನೆರಡೂವರೆ ಕೆಜಿಗಿಂತ ಜಾಸ್ತಿ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಇಬ್ಬರು ಮನುಷ್ಯರಿಂದ ಯಾವುದೂ ಸಾಬೀತಾಗುವುದಿಲ್ಲ. ಯಡ್ಕಿನ್ ಮ್ಯಾರಥಾನ್ ಓಡುವವರು, ಯಾಜ್ಞಿಕ್ ಓಡುವವರಲ್ಲ. ಅದನ್ನು ಅವರೇ ಅಲ್ಲಿ ಬರೆದಿದ್ದಾರೆ. ಜೊತೆಗೆ ಇನ್ನೊಂದು ಸಂಗತಿಯನ್ನೂ ಬರೆದರು: ಯಾಜ್ಞಿಕ್ ಹುಟ್ಟಿದಾಗ ಅವರ ತೂಕ ಕಡಿಮೆ ಇತ್ತು. ನನಗೆ ಇಡೀ ಬರಹದಲ್ಲಿ ಮುಖ್ಯ ಅನಿಸಿದ್ದು ಆ ಒಂದು ಸಾಲು.

ಈಗ ನಮ್ಮ ರೈಟರ್ ಲೆಕ್ಕಕ್ಕೆ ಬರೋಣ. ಅವರು ಮೈಸೂರಿಗೆ ಹೋದಾಗ ಡೆಕ್ಸಾ ಮಾಡಿಸಿದರು. 28 ಶೇಕಡಾ ಕೊಬ್ಬು ಬಂತು. 62 ಕೆಜಿಯಲ್ಲಿ ಸುಮಾರು 17 ಕೆಜಿ ಕೊಬ್ಬು. ಅದೇ ಎತ್ತರ, ಅದೇ ತೂಕದ ಇನ್ನೊಬ್ಬರಲ್ಲಿ 20 ಶೇಕಡಾ ಇದ್ದಿದ್ದರೆ 12 ಕೆಜಿ ಚಿಲ್ಲರೆ ಇರುತ್ತಿತ್ತು. ಐದು ಕೆಜಿ ವ್ಯತ್ಯಾಸ.

ಇಲ್ಲಿ ಎಲ್ಲರೂ ಹೇಳುವ ಮಾತು 'ನಮ್ಮವರಲ್ಲಿ ಕೊಬ್ಬು ಜಾಸ್ತಿ' ಅಂತ. ತಪ್ಪಲ್ಲ. ಆದರೆ ಅರ್ಧ ಮಾತ್ರ. ಒಟ್ಟು ತೂಕ ಒಂದೇ ಇದ್ದಾಗ, ಐದು ಕೆಜಿ ಕೊಬ್ಬು ಜಾಸ್ತಿ ಇದ್ದರೆ ಐದು ಕೆಜಿ ಬೇರೇನೋ ಕಡಿಮೆ ಇರಲೇಬೇಕು. ಆ ಕಡಿಮೆ ಇರುವುದರಲ್ಲಿ ದೊಡ್ಡ ಪಾಲು ಸ್ನಾಯು. ಸಿಪ್ಪೆ ಜಾಸ್ತಿ ಅನ್ನುವುದಕ್ಕಿಂತ ಬೀಜ ಕಡಿಮೆ ಅನ್ನುವುದು ಸರಿಯಾದ ಮಾತು. ಹೀಗೆ ತಿರುಗಿಸಿ ನೋಡಿದರೆ ಕಾರಣವನ್ನು ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತದೆ. ಬರೀ ತಟ್ಟೆಯಲ್ಲಿ ಅಲ್ಲ. ತೊಟ್ಟಿಲಿನಲ್ಲಿ, ಅದಕ್ಕೂ ಹಿಂದೆ.

1990ರ ದಶಕದಲ್ಲಿ ಯಾಜ್ಞಿಕ್ ಮತ್ತು ಅವರ ಜೊತೆಗಾರರು ಪುಣೆ ಹತ್ತಿರದ ಆರು ಹಳ್ಳಿಗಳ ಬಸುರಿ ಹೆಂಗಸರನ್ನು ಗಮನಿಸಿದರು. ಹುಟ್ಟಿದ ಮಕ್ಕಳನ್ನು ಕೂಡಲೇ ಅಳೆದರು. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಹುಟ್ಟಿದ ಮಕ್ಕಳ ಅಳತೆ ಜೊತೆ ಹೋಲಿಸಿದರು. ನಮ್ಮ ಮಕ್ಕಳ ಸರಾಸರಿ ತೂಕ 2.7 ಕೆಜಿ, ಅಲ್ಲಿಯವರದು 3.5 ಕೆಜಿ. ಇದು ಯಾರಿಗೂ ಆಶ್ಚರ್ಯ ಅಲ್ಲ. ತಾಯಂದಿರೇ ಗಿಡ್ಡ, ತೆಳ್ಳಗೆ, ಹೊಲದಲ್ಲಿ ದುಡಿಯುವವರು. ಆಶ್ಚರ್ಯ ಮುಂದಿದೆ. ಆ 800 ಗ್ರಾಂ ಯಾವ ಭಾಗದಲ್ಲಿ ಕಡಿಮೆಯಾಗಿದೆ ಅಂತ ನೋಡಿದರು. ತೋಳು ಸಣ್ಣದು, ಅಂದರೆ ಸ್ನಾಯು ಕಡಿಮೆ. ಹೊಟ್ಟೆಯ ಸುತ್ತಳತೆ ಇನ್ನೂ ಕಡಿಮೆ, ಅಂದರೆ ಲಿವರ್ ಮುಂತಾದ ಒಳ ಅಂಗಗಳು ಚಿಕ್ಕವು. ಆದರೆ ಬೆನ್ನಿನ ಮೇಲೆ, ಹೆಗಲ ಮೂಳೆಯ ಕೆಳಗೆ ಚರ್ಮ ಹಿಡಿದು ಇಕ್ಕಳದಂಥ ಸಾಧನದಲ್ಲಿ ಅಳೆದಾಗ, ಅಲ್ಲಿಯ ಕೊಬ್ಬಿನ ಪದರ ಮಾತ್ರ ಅಷ್ಟು ಕಡಿಮೆ ಇರಲಿಲ್ಲ. ಎಲ್ಲ ಅಳತೆಗಳಲ್ಲೂ ಹೆಚ್ಚು ಉಳಿದುಕೊಂಡಿದ್ದು ಅದೇ. ಎರಡೂಮುಕ್ಕಾಲು ಕೆಜಿಯೂ ಇಲ್ಲದ ಕೂಸು, ಕೊಬ್ಬನ್ನು ಕಾಪಾಡಿಕೊಂಡು ಸ್ನಾಯುವನ್ನು ಬಿಟ್ಟುಕೊಟ್ಟಿತ್ತು. ಅದಕ್ಕೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ 'ಸಣಕಲು-ಕೊಬ್ಬಿನ ಮಗು' ಅನ್ನಬಹುದು.

ಯಾಕೆ ಹೀಗೆ? ಗರ್ಭದಲ್ಲಿ ಆಹಾರ ಕಡಿಮೆ ಬಂದಾಗ ಕೂಸಿಗೆ ಮೊದಲು ಮೆದುಳು ಉಳಿಯಬೇಕು. ಹುಟ್ಟಿದ ಮೇಲೆ ಮೆದುಳಿಗೆ ಶಕ್ತಿ ಬೇಕು, ಅದಕ್ಕೆ ಕೊಬ್ಬು ಕೂಡಿಟ್ಟ ಬುತ್ತಿ. ಸ್ನಾಯು ಆ ಹೊತ್ತಿಗೆ ಅಷ್ಟು ತುರ್ತು ಅಲ್ಲ. ಇದು ಒಂದು ವಿವರಣೆ, ಮತ್ತು ನನಗೆ ಒಪ್ಪಿಗೆಯಾಗುವ ವಿವರಣೆ. ತೊಂದರೆ ಏನೆಂದರೆ, ಸ್ನಾಯುವಿನ ಎಳೆಗಳ ಸಂಖ್ಯೆ ಬಹುಮಟ್ಟಿಗೆ ಹುಟ್ಟುವ ಮೊದಲೇ ತೀರ್ಮಾನ ಆಗಿಬಿಡುತ್ತದೆ. ನಿಮಗೆ ಹೂಮಳೆ ಗೊತ್ತಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ಕಾಯಿ ಕಟ್ಟುವುದೇ ಕಡಿಮೆ. ಆಮೇಲೆ ಎಷ್ಟೇ ಗೊಬ್ಬರ ಹಾಕಿದರೂ ಇರುವ ಕಾಯಿ ದಪ್ಪ ಆಗುತ್ತದೆ, ಹೊಸ ಕಾಯಿ ಹುಟ್ಟುವುದಿಲ್ಲ. ಸ್ನಾಯುವೂ ಹಾಗೇ. ಇರುವ ಎಳೆಗಳನ್ನು ದಪ್ಪ ಮಾಡಬಹುದು, ಎಷ್ಟು ವಯಸ್ಸಿನಲ್ಲಾದರೂ. ಆದರೆ ಎಣಿಕೆ ಹೆಚ್ಚಿಸುವುದು ಕಷ್ಟ.

ಹಾಗಾದರೆ ಎಲ್ಲವೂ ತಾಯಿಯ ಹಸಿವಿನಿಂದಲೇ ಬಂತೇ? ಇಲ್ಲ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ನೆಲೆಸಿರುವ ಪಾಕಿಸ್ತಾನಿ ಮೂಲದ ಕುಟುಂಬಗಳ ಮಕ್ಕಳನ್ನೂ ಅಳೆದಿದ್ದಾರೆ. ಅಲ್ಲಿ ಊಟಕ್ಕೆ ಅಂಥ ಕೊರತೆ ಇಲ್ಲ. ಆದರೂ ಆ ಕೂಸುಗಳ ತೂಕ ಕಡಿಮೆ, ಕೊಬ್ಬು ಮಾತ್ರ ಅದೇ ಪ್ರಮಾಣದಲ್ಲಿ ಇಳಿದಿಲ್ಲ. ಅಂದರೆ ಒಂದು ತಲೆಮಾರಿನ ಊಟ ಸರಿಯಾದ ಕೂಡಲೇ ಇದು ಅಳಿಸಿಹೋಗುವಂಥದ್ದಲ್ಲ. 2019ರಲ್ಲಿ ಇನ್ನೊಂದು ಕೆಲಸ ಬಂತು. ನಮ್ಮ ಉಪಖಂಡದಲ್ಲಿ ಸಿಕ್ಕ ಹಳೆಯ ಅಸ್ಥಿಪಂಜರಗಳ ಎಲುಬಿನ ಅಗಲ, ಉದ್ದ ಅಳೆದು, ಆ ಮನುಷ್ಯರಿಗೆ ಎತ್ತರಕ್ಕೆ ತಕ್ಕ ಸ್ನಾಯು ಎಷ್ಟಿದ್ದಿರಬಹುದು ಅಂತ ಲೆಕ್ಕ ಹಾಕಿದರು. ಕಡಿಮೆ ಸ್ನಾಯುವಿನ ಈ ಮೈಕಟ್ಟು ಕನಿಷ್ಠ 11,000 ವರ್ಷಗಳಿಂದ ಇದೆ ಅಂತ ಕಂಡುಬಂತು. ಬ್ರಿಟಿಷರ ಕಾಲದ ಬರಗಾಲಗಳೇ ಇದಕ್ಕೆಲ್ಲ ಮೂಲ ಅಂತ ಹೇಳುವವರಿದ್ದಾರೆ. ಆ ಬರಗಾಲಗಳು ನಮ್ಮನ್ನು ಕುಗ್ಗಿಸಿದ್ದು ನಿಜ. ಆದರೆ ಬೇರು ಅದಕ್ಕಿಂತ ಆಳದಲ್ಲಿದೆ ಅಂತ ಎಲುಬುಗಳು ಹೇಳುತ್ತಿವೆ. ಹಳೆಯ ಮೈಕಟ್ಟು, ಗರ್ಭದಲ್ಲಿ ಸಿಕ್ಕ ಆಹಾರ, ಆಮೇಲಿನ ಬದುಕು, ಮೂರೂ ಒಂದರ ಮೇಲೊಂದು ಕೂತಿವೆ. ಯಾವುದಕ್ಕೆ ಎಷ್ಟು ಪಾಲು ಅಂತ ಹಂಚಿ ಹೇಳಲು ಆಗುವುದಿಲ್ಲ.

ಇನ್ನು, ಸ್ನಾಯು ಕಡಿಮೆ ಇದ್ದರೆ ಏನು ನಷ್ಟ? ಊಟದ ನಂತರ ರಕ್ತಕ್ಕೆ ಸಕ್ಕರೆ ಬರುತ್ತದೆ. ಇನ್ಸುಲಿನ್ ಹೇಳಿದಂತೆ ಆ ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳುವ ಅತಿ ದೊಡ್ಡ ಜಾಗ ಸ್ನಾಯು. ಜಾಗ ಚಿಕ್ಕದಾದರೆ ಸಕ್ಕರೆ ರಕ್ತದಲ್ಲೇ ಜಾಸ್ತಿ ಹೊತ್ತು ಸುತ್ತುತ್ತದೆ. ಉಳಿದದ್ದು ಲಿವರ್‌ಗೆ ಹೋಗಿ ಕೊಬ್ಬಾಗುತ್ತದೆ.

ಕೊಬ್ಬಿನ ಕಥೆಯೂ ಜಾಗದ ಕಥೆಯೇ. ಚರ್ಮದ ಕೆಳಗೆ, ತೊಡೆ ಮತ್ತು ಸೊಂಟದಲ್ಲಿ ಕೂತ ಕೊಬ್ಬು ಅಷ್ಟು ಕೆಡುಕು ಮಾಡುವುದಿಲ್ಲ. ಅದು ಭತ್ತದ ಕಣಜ ಇದ್ದಂತೆ, ತುಂಬಿಡಲು ಇರುವ ಜಾಗ. ನಮ್ಮವರಲ್ಲಿ ಈ ಕಣಜ ಬೇಗ ತುಂಬುತ್ತದೆ ಅನ್ನುವುದು ಹಲವು ಸಂಶೋಧಕರ ಅಭಿಪ್ರಾಯ. ಚರ್ಮದಡಿಯ ಕೊಬ್ಬಿನ ಕೋಶಗಳನ್ನು ನೋಡಿದಾಗ ದಕ್ಷಿಣ ಏಷ್ಯಾದವರಲ್ಲಿ ಅವು ಹಿಗ್ಗಿ ದೊಡ್ಡದಾಗಿರುವುದು ಕಂಡಿದೆ. ಆಗಲೇ ತುಂಬಿದ ಚೀಲದ ಗುರುತು ಅದು. ಕಣಜ ತುಂಬಿದ ಮೇಲೂ ಭತ್ತ ಬರುತ್ತಲೇ ಇದ್ದರೆ ಏನಾಗುತ್ತದೆ? ಜಗಲಿ, ಅಡುಗೆಮನೆ, ದೇವರ ಕೋಣೆ ಎಲ್ಲ ಕಡೆ ಚೆಲ್ಲುತ್ತದೆ. ಮೈಯಲ್ಲಿ ಅದು ಚೆಲ್ಲುವುದು ಹೊಟ್ಟೆಯ ಒಳಗೆ, ಕರುಳಿನ ಸುತ್ತ, ಲಿವರ್‌ನಲ್ಲಿ. ಹಾಗಾಗಿ ಕೈಕಾಲು ಸಣಕಲು, ಹೊಟ್ಟೆ ಮಾತ್ರ ಮುಂದೆ. ಈ ಆಕಾರವನ್ನು ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ಕೂತರೆ ಎಷ್ಟು ಬೇಕಾದರೂ ನೋಡಬಹುದು.

ಅದಕ್ಕೇ ಬಿಎಂಐ ಗೆರೆಯನ್ನು ನಮಗಾಗಿ ಕೆಳಗೆ ಇಳಿಸಿದ್ದಾರೆ. ಬೇರೆಯವರಿಗೆ 25 ದಾಟಿದರೆ ತೂಕ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಏಷ್ಯಾದವರು 23ರಿಂದಲೇ ಎಚ್ಚರ ವಹಿಸಬೇಕು ಅಂದರು. ಇಂಗ್ಲೆಂಡಿನಲ್ಲಿ 14 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿ 2021ರಲ್ಲಿ ಪ್ರಕಟಿಸಿದ ಲೆಕ್ಕ ಇನ್ನೂ ಸ್ಪಷ್ಟ. ಬಿಳಿಯರಿಗೆ ಬಿಎಂಐ 30ರಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಎಷ್ಟಿರುತ್ತದೋ, ದಕ್ಷಿಣ ಏಷ್ಯಾದವರಿಗೆ 23.9ರಲ್ಲೇ ಅಷ್ಟಿರುತ್ತದೆ. ಆದರೆ ನಮ್ಮ ರೈಟರ್ 22.8. ಇಳಿಸಿದ ಗೆರೆಗೂ ಕೆಳಗೆ. ಗೆರೆ ಎಲ್ಲಿ ಎಳೆದರೂ ಬಿಎಂಐ ಚೀಲದ ತೂಕವೇ.

ಮನೆಯಲ್ಲಿ ಔಟ್‌ಟರ್ನ್ ನೋಡುವುದು ಹೇಗೆ? ಡೆಕ್ಸಾ ಎಲ್ಲರಿಗೂ ಬೇಡ. ಟೈಲರ್ ಟೇಪ್ ಸಾಕು. ಆದರೆ ಅಳೆಯುವುದರಲ್ಲೇ ತಪ್ಪಾಗುತ್ತದೆ. ಗಂಡಸರನ್ನು ಸೊಂಟದ ಅಳತೆ ಕೇಳಿದರೆ ಪ್ಯಾಂಟಿನ ಸೈಜ್ ಹೇಳುತ್ತಾರೆ. ನಮ್ಮ ರೈಟರ್ ಕೂಡ "32 ಇಂಚು" ಅಂದರು, ಅಂದರೆ 81 ಸೆಂಟಿಮೀಟರ್. ಪ್ಯಾಂಟ್ ಕಟ್ಟುವುದು ಹೊಟ್ಟೆಯ ಕೆಳಗೆ. ಟೇಪ್ ಇಡಬೇಕಾದ್ದು ಅಲ್ಲಲ್ಲ. ಪಕ್ಕೆಲುಬಿನ ಕೊನೆಯ ಎಲುಬನ್ನು ಬೆರಳಿನಿಂದ ಮುಟ್ಟಿ ನೋಡಿ. ಸೊಂಟದ ಮೂಳೆಯ ಮೇಲ್ತುದಿಯನ್ನು ಮುಟ್ಟಿ ನೋಡಿ. ಎರಡರ ನಡುವೆ ಟೇಪ್ ಸುತ್ತಿ. ಅಂಗಿ ಮೇಲೆತ್ತಿ. ಹೊಟ್ಟೆ ಒಳಗೆಳೆಯಬೇಡಿ, ಸುಮ್ನೆ ಉಸಿರು ಬಿಟ್ಟು, ಬಿಟ್ಟ ಕೊನೆಯಲ್ಲಿ ಓದಿ. ಹಾಗೆ ಅಳೆದಾಗ ಅವರದು 93 ಸೆಂಟಿಮೀಟರ್ ಬಂತು. ನಮ್ಮ ದೇಶದಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಗೆರೆ. ಇನ್ನೂ ಸುಲಭದ ಲೆಕ್ಕ, ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 165ರ ಅರ್ಧ 82.5. ಅವರು ಹತ್ತು ಸೆಂಟಿಮೀಟರ್ ದಾಟಿದ್ದರು. 'ನಾರ್ಮಲ್' ಚೀಟಿ ಪರ್ಸಿನಲ್ಲಿ ಇತ್ತು.

ಈಗ ಅಂಗಡಿಯಲ್ಲಿ ಕೊಬ್ಬು ತೋರಿಸುವ ತೂಕದ ಯಂತ್ರಗಳೂ ಸಿಗುತ್ತವೆ. ಪಾದದಿಂದ ಸಣ್ಣ ಕರೆಂಟ್ ಹಾಯಿಸಿ ಲೆಕ್ಕ ಹಾಕುತ್ತವೆ. ನೀರು ಕುಡಿದಿದ್ದರೆ ಒಂದು, ಬೆವರಿ ಬಂದಿದ್ದರೆ ಇನ್ನೊಂದು ತೋರಿಸುತ್ತವೆ. ಒಳಗಿರುವ ಸೂತ್ರ ಬೇರೆ ದೇಶದ ಮೈಕಟ್ಟು ನೋಡಿ ಮಾಡಿದ್ದಾದರೆ ನಮಗೆ ತಪ್ಪಾಗುತ್ತದೆ. ಆ ಅಂಕಿಯನ್ನು ನಂಬಿ ಕೂರಬೇಡಿ.

ನಮ್ಮ ರೈಟರ್ ಮೊದಲು ಮಾಡಿದ್ದು ರಾತ್ರಿ ಊಟ ಬಿಟ್ಟಿದ್ದು. ನನ್ನನ್ನು ಕೇಳದೆ. ಎರಡು ತಿಂಗಳಲ್ಲಿ 3 ಕೆಜಿ ಇಳಿಸಿ ಖುಷಿಯಿಂದ ಬಂದರು. ನನಗೆ ಖುಷಿ ಆಗಲಿಲ್ಲ. ಬರೀ ಉಪವಾಸದಿಂದ ಇಳಿದ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಮೊದಲೇ ಬೀಜ ಕಡಿಮೆ ಇರುವ ಚೀಲದಿಂದ ಬೀಜವನ್ನೂ ತೆಗೆದಂತೆ. ಅವರನ್ನು ಮತ್ತೆ ಊಟಕ್ಕೆ ಕೂರಿಸಿದೆ. ಅನ್ನ, ಕಡಂಬಿಟ್ಟು, ಅಕ್ಕಿ ರೊಟ್ಟಿ ಎಲ್ಲವೂ ಅಕ್ಕಿಯೇ, ಅದನ್ನು ಸ್ವಲ್ಪ ಕಡಿಮೆ ಮಾಡಿ, ದಿನಾ ಎರಡು ಮೊಟ್ಟೆ, ಹುರುಳಿ ಅಥವಾ ಬೇಳೆ, ವಾರಕ್ಕೆ ಮೂರು ದಿನ ಮೀನು ಅಂತ ಹೇಳಿದೆ. ತೋಟದೊಳಗೆ ಬೈಕ್ ಬಿಟ್ಟು ನಡೆಯಲು ಹೇಳಿದೆ. ಇದಕ್ಕಿಂತ ಮುಖ್ಯ, ವಾರಕ್ಕೆ ಮೂರು ದಿನ ಭಾರ ಎತ್ತುವ ಕೆಲಸ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು, ಆಮೇಲೆ ಗೊಬ್ಬರದ ಸಣ್ಣ ಚೀಲ ಎತ್ತಿ ಇಳಿಸುವುದು. ನಡಿಗೆ ಒಳ್ಳೆಯದು, ಆದರೆ ಸ್ನಾಯು ದಪ್ಪವಾಗಲು ಅದಕ್ಕೆ ಭಾರ ಬೇಕು.

ಎಂಟು ತಿಂಗಳಾದ ಮೇಲೆ ತೂಕ ಮತ್ತೆ 61 ಕೆಜಿ. ಶುರುವಿನಿಂದ ಲೆಕ್ಕ ಹಾಕಿದರೆ ಒಂದೇ ಕೆಜಿ ವ್ಯತ್ಯಾಸ. ಬಿಎಂಐ 22.4. ಆದರೆ ಟೇಪ್ 93ರಿಂದ 88ಕ್ಕೆ ಇಳಿದಿತ್ತು. ಸಕ್ಕರೆ ಸರಾಸರಿ 6.1ರಿಂದ 5.8. ಇನ್ನೂ ಪೂರ್ತಿ ಸರಿಯಾಗಿಲ್ಲ. ಆದರೆ ತೂಕದ ಯಂತ್ರ ಮಾತ್ರ ನೋಡುತ್ತಿದ್ದರೆ 'ಏನೂ ಆಗಿಲ್ಲ' ಅಂತ ಬಿಟ್ಟುಬಿಡುತ್ತಿದ್ದರು.

ಮಾತು ಮುಗಿದ ಮೇಲೆ ಒಬ್ಬ ಹುಡುಗ ಎದ್ದು ನಿಂತ. "ಸಾರ್, ನಾನು ಹಾಕಿ ಆಡ್ತೀನಿ. ನನ್ನ ಬಿಎಂಐ 25.5. ಹಾಗಾದ್ರೆ ನನಗೂ ಅಪಾಯನಾ?" ಸಭೆಯಲ್ಲಿ ತುಂಬ ಒಳ್ಳೆಯ ಪ್ರಶ್ನೆ ಅದು. ಅವನ ಸೊಂಟ ಅಳೆದೆವು, 79 ಸೆಂಟಿಮೀಟರ್. ಎತ್ತರ 174. ಅರ್ಧಕ್ಕಿಂತ ಎಷ್ಟೋ ಕಡಿಮೆ. ತೊಡೆ, ಹೆಗಲು ನೋಡಿದರೇ ಗೊತ್ತಾಗುತ್ತದೆ, ತೂಕ ಸ್ನಾಯುವಿನದು. ನಾನು ಇವತ್ತು ಹೇಳಿದ್ದೆಲ್ಲ ಗುಂಪಿನ ಸರಾಸರಿ. ಒಬ್ಬೊಬ್ಬರ ಮೈ ಬೇರೆ. ಬಿಎಂಐ ರೈಟರ್‌ಗೆ ಇಲ್ಲದ ಧೈರ್ಯ ಕೊಟ್ಟಿತು, ಈ ಹುಡುಗನಿಗೆ ಇಲ್ಲದ ಹೆದರಿಕೆ ಕೊಟ್ಟಿತು.

ಎರಡನೆಯದು ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಕ್ಕನ ಪ್ರಶ್ನೆ. "ಇದೆಲ್ಲ ಗಂಡಸರಿಗೆ ಅಲ್ವಾ ಡಾಕ್ಟ್ರೇ? ನಾನು ಬರೀ 48 ಕೆಜಿ. ನನಗೆ ತೂಕ ಏರೋದೇ ಇಲ್ಲ." ಅಲ್ಲೇ ಇದ್ದ ನರ್ಸ್ ಅವರನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಅಳೆದರು. ಎತ್ತರ 150. ಬಿಎಂಐ 21.3. ಸೊಂಟ 84. ಅವರ ತಾಯಿಗೂ ಅಣ್ಣನಿಗೂ ಸಕ್ಕರೆ ಕಾಯಿಲೆ ಇದೆಯಂತೆ. ಅವರು ಇದುವರೆಗೆ ಒಂದು ಸಲವೂ ಸಕ್ಕರೆ ಪರೀಕ್ಷೆ ಮಾಡಿಸಿಲ್ಲ, ತೆಳ್ಳಗಿದ್ದಾರಲ್ಲ ಅಂತ ಯಾರೂ ಮಾಡಿಸಲು ಹೇಳಿಯೂ ಇಲ್ಲ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದೇನೆ.